ಶ್ವಾಸಕೋಶದ ಅಂಚಿನ ಜೇನುಗೂಡು

‘ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ, ಹೊರ ಅಂಚಿಗೆ ಹೊಂದಿಕೊಂಡಂತೆ ರೆಟಿಕ್ಯುಲೇಷನ್. ಜೊತೆಗೆ ಹನಿಕೋಂಬಿಂಗ್.’ ಎಚ್‌ಆರ್‌ಸಿಟಿ ಸ್ಕ್ಯಾನಿನ ರಿಪೋರ್ಟಿನಲ್ಲಿ ಇಂಥ ಎರಡು ಸಾಲು ಓದಿದ ಮನೆಯವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಅದರ ಅರ್ಥ ಹುಡುಕುವುದು. ಅಲ್ಲಿ ಸಿಗುವುದು ‘ಮೂರರಿಂದ ಐದು ವರ್ಷ’ ಎಂಬ ಲೆಕ್ಕ. ರೋಗಿಗೆ ಅದನ್ನು ಹೇಳುವುದೋ ಬೇಡವೋ ಎಂಬ ಗುಸುಗುಸು ಆಸ್ಪತ್ರೆಯ ಕಾರಿಡಾರಿನಲ್ಲೇ ಶುರುವಾಗುತ್ತದೆ. ಆದರೆ ಆ ಎರಡು ಸಾಲು ಹೇಳುವುದು ಶ್ವಾಸಕೋಶ ಈಗ ಹೇಗೆ ಕಾಣುತ್ತಿದೆ ಎಂಬುದನ್ನು. ಯಾಕೆ ಹಾಗಾಯಿತು ಎಂಬುದಕ್ಕೆ ಅದೇ ಸ್ಕ್ಯಾನಿನ ಬೇರೆ ಚಿತ್ರಗಳನ್ನೂ ರೋಗಿಯ ಮನೆಯನ್ನೂ ನೋಡಬೇಕಾಗುತ್ತದೆ.

ಇಂಥ ಹಲವರ ಅನುಭವವನ್ನು ಕೂಡಿಸಿ ಒಬ್ಬರನ್ನು ಊಹಿಸಿಕೊಳ್ಳೋಣ. 58ರ ಗೃಹಿಣಿ, ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ವಾಸ. ಒಂದೂವರೆ ವರ್ಷದಿಂದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಮಬ್ಬು ಕಂಡು, ಕಫದಲ್ಲಿ ಏನೂ ಸಿಗದಿದ್ದರೂ, ಟಿಬಿ ಮಾತ್ರೆ ಶುರುವಾಗಿತ್ತು. ನಮ್ಮಲ್ಲಿ ಇದೇನೂ ಅಪರೂಪವಲ್ಲ. ಕೆಮ್ಮು ಕಡಿಮೆಯಾಗದೆ ಶ್ವಾಸಕೋಶ ತಜ್ಞರ ಬಳಿ ಬಂದಾಗ ಅವರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಪ್ರತಿ ಸಲ ಉಸಿರೆಳೆದಾಗಲೂ ಚಪ್ಪಲಿಯ ವೆಲ್ಕ್ರೋ ಪಟ್ಟಿ ಕಿತ್ತಂಥ ಚರಚರ ಸದ್ದು. ಆರು ನಿಮಿಷ ನಡೆಸಿದಾಗ ಬೆರಳಿನ ಆಕ್ಸಿಮೀಟರಿನಲ್ಲಿ ಆಮ್ಲಜನಕ 95ರಿಂದ 86ಕ್ಕೆ ಇಳಿಯಿತು. ಎಚ್‌ಆರ್‌ಸಿಟಿ ಬರೆದುಕೊಟ್ಟರು.

‘ಡಾಕ್ಟ್ರೇ, ಜೇನುಗೂಡು ಕಟ್ಟಿದೆ ಅಂತ ಬರೆದಿದ್ದಾರಂತೆ. ಒಳಗೆ ಹುಳ ಏನಾದ್ರೂ ಹತ್ತಿದೆಯಾ?’ ಎಂಬುದು ರಿಪೋರ್ಟು ಹಿಡಿದು ಬಂದ ಆಕೆಯ ಮೊದಲ ಪ್ರಶ್ನೆ. ಮಗ ಮುಜುಗರಪಟ್ಟ. ವೈದ್ಯರು ನಗಲಿಲ್ಲ. ‘ಹುಳ ಇಲ್ಲಮ್ಮ. ಬನ್ನಿ, ಚಿತ್ರದಲ್ಲೇ ತೋರಿಸ್ತೀನಿ’ ಎಂದು ಪರದೆಯನ್ನು ಆಕೆಯ ಕಡೆ ತಿರುಗಿಸಿದರು.

ಎಚ್‌ಆರ್‌ಸಿಟಿಯಲ್ಲಿ ಎದೆಯನ್ನು ಸುಮಾರು ಒಂದು, ಒಂದೂವರೆ ಮಿಲಿಮೀಟರ್ ದಪ್ಪದ ಪದರಗಳಾಗಿ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಎದೆಯ ಹಿಂದುಮುಂದಿನದೆಲ್ಲ ಒಂದರ ಮೇಲೊಂದು ಬಿದ್ದು ಮಬ್ಬಾಗಿ ಕಾಣುವುದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಗಾಳಿ ಇರುವಲ್ಲಿ ಕಪ್ಪು, ಅಂಗಾಂಶ ಇರುವಲ್ಲಿ ಬಿಳುಪು. ಆರೋಗ್ಯವಂತ ಶ್ವಾಸಕೋಶದ ಚಿತ್ರವೆಂದರೆ ಬಹುಪಾಲು ಕಪ್ಪು, ಅದರೊಳಗೆ ಕವಲೊಡೆಯುತ್ತ ಸಣ್ಣದಾಗುವ ರಕ್ತನಾಳಗಳ ಬಿಳಿ ಗೆರೆ. ಹೊರ ಅಂಚು ತಲುಪುವ ಹೊತ್ತಿಗೆ ಆ ಗೆರೆಗಳೂ ಕಣ್ಣಿಗೆ ಸಿಗದಷ್ಟು ಸಣ್ಣವಾಗಿರುತ್ತವೆ. ಅಂಚಿನ ಒಂದು ಸೆಂಟಿಮೀಟರ್ ಬಹುಮಟ್ಟಿಗೆ ಖಾಲಿ.

ಆಕೆಯ ಚಿತ್ರದಲ್ಲಿ ಖಾಲಿ ಇರಬೇಕಾದ ಆ ಜಾಗದಲ್ಲೇ ಗೆರೆಗಳಿದ್ದವು. ಅಡ್ಡ, ಉದ್ದ, ಓರೆಯಾಗಿ ಹೆಣೆದುಕೊಂಡ ಸಣ್ಣ ಬಲೆ. ಇದೇ ರೆಟಿಕ್ಯುಲೇಷನ್. ಗಾಳಿಗೂಡುಗಳಿಗೂ ರಕ್ತದ ಸೂಕ್ಷ್ಮನಾಳಗಳಿಗೂ ನಡುವೆ ಅತಿ ತೆಳುವಾದ ಅಂಗಾಂಶವಿದೆ. ಆಮ್ಲಜನಕ ಅದನ್ನು ದಾಟಿಯೇ ರಕ್ತ ಸೇರಬೇಕು. ಆ ಅಂಗಾಂಶ ದಪ್ಪವಾದಾಗ, ಅದರಲ್ಲಿ ಗಾಯದ ಕಲೆಯಂಥ ನಾರು ಬೆಳೆದಾಗ, ಸಹಜವಾಗಿ ಕಾಣದಿದ್ದ ಗೋಡೆಗಳು ಗೆರೆಗಳಾಗಿ ಕಾಣತೊಡಗುತ್ತವೆ. ನಾರು ಬೆಳೆದ ಶ್ವಾಸಕೋಶ ಬಿಗಿಯಾಗುತ್ತದೆ. ಅದನ್ನು ಹಿಗ್ಗಿಸಲು ಹೆಚ್ಚು ಬಲ ಬೇಕು, ಆದ್ದರಿಂದ ಉಸಿರು ಮೇಲುಮೇಲಕ್ಕೆ, ಚುರುಕಾಗಿ ಆಡುತ್ತದೆ. ಕೂತಾಗ ಹೇಗೋ ಸರಿಹೋಗುವ ಆಮ್ಲಜನಕ, ನಡೆದಾಗ ರಕ್ತ ವೇಗವಾಗಿ ಹರಿದುಹೋಗುವುದರಿಂದ ಪೂರ್ತಿ ಸೇರಲು ಸಮಯ ಸಿಗದೆ ಕುಸಿಯುತ್ತದೆ. ಮೆಟ್ಟಿಲ ಮೇಲಿನ ಏದುಸಿರಿಗೂ ಪರದೆಯ ಮೇಲಿನ ಬಲೆಗೂ ಇರುವ ಸಂಬಂಧ ಇದು.

ಬಲೆಯ ಪಕ್ಕದಲ್ಲಿ, ಅಂಚಿಗೆ ಒತ್ತಿಕೊಂಡು, ಕಪ್ಪು ಗುಂಡಿಗಳ ಗುಂಪೊಂದಿತ್ತು. ಒಂದೊಂದೂ ಸಾಮಾನ್ಯವಾಗಿ ಮೂರರಿಂದ ಹತ್ತು ಮಿಲಿಮೀಟರ್. ಸ್ಪಷ್ಟವಾದ ಬಿಳಿ ಗೋಡೆ, ಪಕ್ಕಪಕ್ಕದ ಗುಂಡಿಗಳಿಗೆ ಒಂದೇ ಗೋಡೆ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು. ಇದು ಹನಿಕೋಂಬಿಂಗ್. ಇಲ್ಲಿ ಗಾಳಿಗೂಡುಗಳು ಕುಸಿದು, ಅವುಗಳ ಜಾಗದಲ್ಲಿ ನಾರಿನ ಗೋಡೆಯ ಪೊಳ್ಳುಗಳು ಉಳಿದಿವೆ. ಒಳಗೆ ಗಾಳಿಯಿದ್ದರೂ ಅದರಿಂದ ಆಮ್ಲಜನಕ ರಕ್ತಕ್ಕೆ ಸೇರುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ‘ಈ ಜಾಗ ಮೊದಲಿನ ಹಾಗೆ ಆಗೋದಿಲ್ಲಮ್ಮ. ಆದ್ರೆ ನೋಡಿ, ಅದು ಇಷ್ಟೇ ಜಾಗದಲ್ಲಿದೆ’ ಎಂದು ವೈದ್ಯರು ಬೆರಳಿನಿಂದ ಅಂಚನ್ನು ಸುತ್ತಿ ತೋರಿಸಿದರು. ರಿಪೋರ್ಟಿನ ಪದ ಎಷ್ಟು ಜಾಗ ಎಂಬುದನ್ನು ಹೇಳಿರಲಿಲ್ಲ.

ಅದು ನಿಜಕ್ಕೂ ಹನಿಕೋಂಬಿಂಗ್ ಹೌದೇ ಎಂಬುದೂ ಅಷ್ಟು ಸಲೀಸಲ್ಲ. ಅನುಭವಿ ರೇಡಿಯಾಲಜಿಸ್ಟರ ನಡುವೆಯೇ ಇದರಲ್ಲಿ ಭಿನ್ನಾಭಿಪ್ರಾಯ ಬರುತ್ತದೆ. ಬೀಡಿ ಸಿಗರೇಟು ಸೇದಿದವರ ಶ್ವಾಸಕೋಶದ ಅಂಚಿನಲ್ಲಿ ಎಂಫಿಸೀಮಾದ ಗುಳ್ಳೆಗಳಿರುತ್ತವೆ. ಅವು ಹೆಚ್ಚಾಗಿ ಮೇಲ್ಭಾಗದಲ್ಲಿ, ಒಂದೇ ಸಾಲಿನಲ್ಲಿ, ತೆಳು ಗೋಡೆಯವು, ಅನೇಕ ವೇಳೆ ಗಾತ್ರದಲ್ಲಿ ದೊಡ್ಡವು. ಇನ್ನೊಂದು ಮೋಸ ಶ್ವಾಸನಾಳಗಳದ್ದು. ಸುತ್ತಲಿನ ನಾರು ಎಳೆದು ಹಿಗ್ಗಿಸಿದ ನಾಳವನ್ನು ಟ್ರ್ಯಾಕ್ಷನ್ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಅದನ್ನು ಅಡ್ಡ ಕತ್ತರಿಸಿದ ಚಿತ್ರವೂ ಕಪ್ಪು ಗುಂಡಿಯೇ. ಗುರುತಿಸುವ ದಾರಿ ಒಂದೇ: ಒಂದು ಚಿತ್ರಕ್ಕೆ ನಿಲ್ಲದೆ ಮೇಲಿನ, ಕೆಳಗಿನ ಪದರಗಳನ್ನು ಸರಿಸುತ್ತ ಹೋಗುವುದು. ಗುಂಡಿ ಉದ್ದವಾಗಿ ಸಾಗಿ ದೊಡ್ಡ ನಾಳವನ್ನು ಕೂಡಿಕೊಂಡರೆ ಅದು ಶ್ವಾಸನಾಳ. ಮುಚ್ಚಿದ ಪೊಳ್ಳಾಗಿಯೇ ಉಳಿದರೆ ಜೇನುಗೂಡು. ಅದಕ್ಕೇ ಎರಡನೇ ಅಭಿಪ್ರಾಯಕ್ಕೆ ಹೋಗುವವರು ಬರೀ ಫಿಲ್ಮಿನ ಹಾಳೆ ಒಯ್ದರೆ ಸಾಲದು, ಎಲ್ಲ ಪದರಗಳಿರುವ ಸಿ.ಡಿ. ಬೇಕು.

ಕೆಳಭಾಗದಲ್ಲಿ, ಅಂಚಿನಲ್ಲಿ ಬಲೆ, ಅದರೊಡನೆ ಜೇನುಗೂಡು. ಈ ಜೋಡಿಗೆ ವೈದ್ಯರು ಯುಐಪಿ ಮಾದರಿ ಎನ್ನುತ್ತಾರೆ. ಕಾರಣ ತಿಳಿಯದೆ ಶ್ವಾಸಕೋಶದಲ್ಲಿ ನಾರು ಬೆಳೆಯುವ ಐಪಿಎಫ್ ಎಂಬ ಕಾಯಿಲೆಯ ಮುದ್ರೆ ಅದು. ಮೊಬೈಲಿನಲ್ಲಿ ಮಗನಿಗೆ ಸಿಕ್ಕ ‘ಮೂರರಿಂದ ಐದು ವರ್ಷ’ ಔಷಧಿಗಳು ಬರುವ ಮೊದಲಿನ ಐಪಿಎಫ್ ರೋಗಿಗಳ ಸರಾಸರಿ. ಆದರೆ ಸಂಧಿವಾತದಲ್ಲೂ, ಹಳೆಯದಾದ ಅಲರ್ಜಿ ಜಾತಿಯ ಕಾಯಿಲೆಯಲ್ಲೂ ಶ್ವಾಸಕೋಶ ಇದೇ ರೂಪ ತಳೆಯಬಹುದು. ಅದನ್ನು ಬೇರ್ಪಡಿಸುವ ಸುಳಿವು ಬಹಳ ಸಲ ಅವೇ ಚಿತ್ರಗಳಲ್ಲಿರುವುದಿಲ್ಲ. ಉಸಿರು ಬಿಟ್ಟಾಗ ತೆಗೆದ ಚಿತ್ರಗಳಲ್ಲಿರುತ್ತದೆ.

ಸರಿಯಾಗಿ ಮಾಡಿದ ಎಚ್‌ಆರ್‌ಸಿಟಿಯಲ್ಲಿ ಮೂರು ಸುತ್ತು ಇರುತ್ತವೆ. ಮೊದಲು ಅಂಗಾತ ಮಲಗಿ, ಉಸಿರು ಪೂರ್ತಿ ಒಳಗೆಳೆದು ಹಿಡಿದಾಗ. ಆಮೇಲೆ ಬೋರಲು ಮಲಗಿಸಿ. ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಭಾಗ ತನ್ನದೇ ಭಾರಕ್ಕೆ ಒತ್ತಿಕೊಂಡು ಮಬ್ಬಾಗಿ ಕಾಣಬಹುದು. ಬೋರಲು ಮಲಗಿದಾಗ ಅದು ಮಾಯವಾದರೆ ಕಾಯಿಲೆಯಲ್ಲ, ಉಳಿದರೆ ಹೌದು. ಮೂರನೆಯದು ಉಸಿರನ್ನು ಪೂರ್ತಿ ಹೊರಹಾಕಿ ಹಿಡಿದಾಗ. ಗಾಳಿ ಹೋದ ಶ್ವಾಸಕೋಶ ಎಲ್ಲೆಡೆ ಬೂದಾಗಬೇಕು. ಸಣ್ಣ ಶ್ವಾಸನಾಳ ಕಟ್ಟಿಕೊಂಡ ಕಡೆ ಮಾತ್ರ ಗಾಳಿ ಹೊರಬರದೆ ಕಪ್ಪಾಗಿಯೇ ನಿಲ್ಲುತ್ತದೆ. ಸಮಯ ಉಳಿಸಲು ಕೆಲವು ಸ್ಕ್ಯಾನ್ ಕೇಂದ್ರಗಳು ಮೊದಲ ಸುತ್ತಿಗೇ ಮುಗಿಸಿಬಿಡುತ್ತವೆ. ಇದು ನನಗೆ ತೀರಾ ದುಬಾರಿಯಾದ ಉಳಿತಾಯವಾಗಿ ಕಾಣುತ್ತದೆ.

ಏದುಸಿರಿನವರಿಗೆ ಉಸಿರು ಹಿಡಿಯುವುದೇ ಕಷ್ಟ, ನಿಜ. ನಡುವೆ ಉಸಿರಾಡಿದರೆ ಚಿತ್ರ ಅಲುಗಿ ರಕ್ತನಾಳಗಳು ಜೋಡಿ ಜೋಡಿಯಾಗಿ ಕಾಣುತ್ತವೆ, ಇಲ್ಲದ ಬಲೆ ಮೂಡುತ್ತದೆ. ಅರ್ಧ ಮಾತ್ರ ಉಸಿರೆಳೆದರೆ ಇಡೀ ಶ್ವಾಸಕೋಶ ಮಂಜು ಕವಿದಂತೆ ಕಂಡು, ‘ಗ್ರೌಂಡ್ ಗ್ಲಾಸ್’ ಎಂದು ರಿಪೋರ್ಟಿಗೆ ಹೋಗಬಹುದು. ನಿಜವಾದ ಗ್ರೌಂಡ್ ಗ್ಲಾಸ್ ಉರಿಯೂತದ ಸೂಚನೆಯಾಗಿರಬಹುದು, ಅದಕ್ಕೆ ಔಷಧಿ ಕೊಟ್ಟರೆ ಕೆಲವೊಮ್ಮೆ ತಿಳಿಯಾಗುವುದೂ ಉಂಟು. ಆದ್ದರಿಂದ ಮೇಜಿನ ಮೇಲೆ ಮಲಗುವ ಮೊದಲೇ ತಂತ್ರಜ್ಞರ ಮುಂದೆ ಎರಡು ಮೂರು ಸಲ ಉಸಿರು ಎಳೆದು, ಬಿಟ್ಟು, ಹಿಡಿದು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಆಕೆ ಮೂರೂ ಸುತ್ತು ಮುಗಿಸಿದ್ದರು. ಮೂರನೇ ಸುತ್ತಿನ ಚಿತ್ರದಲ್ಲಿ ಬೂದು ಹಿನ್ನೆಲೆಯ ನಡುವೆ ಒಂದೆರಡು ಸೆಂಟಿಮೀಟರಿನ ಮೂಲೆಮೂಲೆಯಾದ ಕಪ್ಪು ತುಂಡುಗಳು ಅಲ್ಲಲ್ಲಿ ಉಳಿದಿದ್ದವು. ಬಲೆಯೂ ಕೆಳಭಾಗಕ್ಕೆ ಸೀಮಿತವಾಗಿರದೆ ನಡುಭಾಗದಲ್ಲೂ ಹಬ್ಬಿತ್ತು. ವೈದ್ಯರು ಪರದೆ ಬಿಟ್ಟು ಆಕೆಯತ್ತ ತಿರುಗಿದರು.

‘ಮನೆಯಲ್ಲಿ ಪಕ್ಷಿ ಸಾಕಿದ್ದೀರಾ?’

‘ಇಲ್ಲ.’

‘ಏರ್ ಕೂಲರ್?’

‘ಇಲ್ಲ ಡಾಕ್ಟ್ರೇ.’

‘ಪಾರಿವಾಳ?’

ಆಕೆ ಮಗನ ಮುಖ ನೋಡಿದರು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಬಟ್ಟೆ ಒಗೆಯುವ ಜಾಗದ ಮೇಲೆಯೇ, ನಾಲ್ಕೈದು ವರ್ಷದಿಂದ ಪಾರಿವಾಳಗಳ ಸಂಸಾರ. ದಿನಾ ಬೆಳಿಗ್ಗೆ ಒಣಗಿದ ಹಿಕ್ಕೆ ಗುಡಿಸುವುದು ಆಕೆಯೇ. ‘ಪಾಪ ಅಂತ ಅಕ್ಕಿ ಹಾಕ್ತಾರೆ’ ಎಂದ ಮಗ.

ಹಿಕ್ಕೆ, ಗರಿಗಳ ಧೂಳಿನಲ್ಲಿರುವ ಪ್ರೋಟೀನನ್ನು ಉಸಿರಿನೊಡನೆ ಎಳೆದುಕೊಂಡಾಗ ಕೆಲವರ ದೇಹ ಅದರ ವಿರುದ್ಧ ಯುದ್ಧ ಹೂಡುತ್ತದೆ. ಸಣ್ಣ ನಾಳಗಳೂ ಗಾಳಿಗೂಡುಗಳೂ ಉರಿದು, ವರ್ಷಗಳಾದ ಮೇಲೆ ನಾರಾಗುತ್ತವೆ. ಇದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಭಾರತದ 27 ಆಸ್ಪತ್ರೆಗಳ 1084 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಐಎಲ್‌ಡಿ ದಾಖಲಾತಿಯಲ್ಲಿ ಹೆಚ್ಚು ಕಂಡದ್ದು ಇದೇ, ಶೇ. 47ರಷ್ಟು. ಅವರಲ್ಲಿ ಅರ್ಧದಷ್ಟು ಜನ ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಐಪಿಎಫ್ ಶೇ. 14ರಷ್ಟು ಮಾತ್ರ.

ಯಾವುದಾದರೇನು, ನಾರು ನಾರೇ ಅಲ್ಲವೇ ಎಂದರೆ, ಅಲ್ಲ. ಉರಿಯೂತ ಇರುವ ಅಲರ್ಜಿ ಜಾತಿಯ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಾರೆ. ಐಪಿಎಫ್‌ಗೂ ಒಂದು ಕಾಲದಲ್ಲಿ ಸ್ಟೀರಾಯ್ಡಿನ ಜೊತೆ ಅಜಾಥಯೋಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಕೊಡುತ್ತಿದ್ದರು. ಅಮೆರಿಕದ ಪ್ಯಾಂಥರ್ ಅಧ್ಯಯನದಲ್ಲಿ ಈ ಮೂರೂ ಪಡೆದವರಲ್ಲಿ ಸಾವು ಮತ್ತು ಆಸ್ಪತ್ರೆ ವಾಸ ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಾಯಿತು. 2012ರಲ್ಲಿ ಅದು ಪ್ರಕಟವಾದ ಮೇಲೆ ಆ ಚಿಕಿತ್ಸೆ ನಿಂತುಹೋಯಿತು. ಐಪಿಎಫ್‌ಗೆ ಈಗ ಕೊಡುವುದು ಪಿರ್ಫೆನಿಡೋನ್ ಅಥವಾ ನಿಂಟೆಡನಿಬ್. ಇವು ನಾರು ಬೆಳೆಯುವ ವೇಗ ತಗ್ಗಿಸುತ್ತವೆ, ಬೆಳೆದದ್ದನ್ನು ಕರಗಿಸುವುದಿಲ್ಲ.

ಸ್ಕ್ಯಾನೊಂದನ್ನೇ ನಂಬಿ ವೈದ್ಯರು ತೀರ್ಮಾನಕ್ಕೆ ಬರಲಿಲ್ಲ. ಸಂಧಿವಾತ ಮತ್ತು ಅದರ ಸಂಬಂಧಿ ಕಾಯಿಲೆಗಳ ರಕ್ತಪರೀಕ್ಷೆ ಮಾಡಿಸಿದರು. ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಲಿಂಫೋಸೈಟ್ ಕಣಗಳು ಹೆಚ್ಚಿದ್ದವು. ಅದೂ ಅಲರ್ಜಿಯ ಕಡೆಗೇ ಕೈತೋರಿಸಿತು. ಶ್ವಾಸಕೋಶ ತಜ್ಞರು, ರೇಡಿಯಾಲಜಿಸ್ಟು, ಸಂಧಿವಾತ ತಜ್ಞರು ಒಟ್ಟಿಗೆ ಕೂತು ನೋಡಿ, ನಾರು ಬೆಳೆದ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಒಪ್ಪಿದರು. ಶಸ್ತ್ರಚಿಕಿತ್ಸೆಯಿಂದ ತುಣುಕು ತೆಗೆದು ನೋಡುವ ಅಗತ್ಯ ಬೀಳಲಿಲ್ಲ.

ಯುಟಿಲಿಟಿಗೆ ಬಲೆ ಹೊಡೆಸಲಾಯಿತು. ಅದಕ್ಕೂ ಮೊದಲು, ಆಕೆ ಮನೆಯಲ್ಲಿಲ್ಲದ ದಿನ, ಹಳೆ ಹಿಕ್ಕೆಯನ್ನು ನೀರು ಚಿಮುಕಿಸಿ ತೆಗೆಸಿದರು. ಒಣದಾಗಿ ಗುಡಿಸಿದರೆ ಧೂಳೇಳುತ್ತದೆ. ಟಿಬಿ ಮಾತ್ರೆ ನಿಂತಿತು, ಸ್ಟೀರಾಯ್ಡ್ ಶುರುವಾಯಿತು. ಆರು ತಿಂಗಳ ನಂತರ ಗ್ರೌಂಡ್ ಗ್ಲಾಸ್ ಇದ್ದ ಕಡೆ ತುಸು ತಿಳಿಯಾಗಿತ್ತು. ಅಂಚಿನ ಜೇನುಗೂಡು ಇದ್ದ ಹಾಗೇ ಇತ್ತು. ಪೂರ್ತಿ ಉಸಿರೆಳೆದು ಊದಿ ಅಳೆಯುವ ಎಫ್‌ವಿಸಿ ಶೇ. 66ರಿಂದ 70ಕ್ಕೆ ಬಂದಿತ್ತು.

‘ಇನ್ನು ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕಾ?’ ಎಂದು ಮಗ ಕೇಳಿದ.

‘ಬೇಡಪ್ಪ. ಮೂರು ನಾಲ್ಕು ತಿಂಗಳಿಗೊಮ್ಮೆ ಊದಿಸಿ, ನಡೆಸಿ ನೋಡೋಣ. ಅದರಲ್ಲಿ ಇಳಿಮುಖ ಕಂಡರೆ ಸ್ಕ್ಯಾನು. ನಾರು ಹೆಚ್ಚಾಗ್ತಿದ್ದರೆ ನಿಂಟೆಡನಿಬ್ ಸೇರಿಸ್ತೀನಿ. ಈ ಸಿ.ಡಿ. ಮಾತ್ರ ಕಳೀಬೇಡಿ, ಮುಂದಿನದನ್ನ ಇದರ ಪಕ್ಕದಲ್ಲಿಟ್ಟೇ ನೋಡಬೇಕು.’