ಕಾಳಸರ್ಪ ದೋಷ ಇರೋದು ಹುಡುಗಿಗಲ್ಲ, ಕ್ಯಾಲೆಂಡರಿಗೆ!

ಹುಡುಗಿ ಇಷ್ಟವಾಗಿದ್ದಾಳೆ, ಮನೆತನ ಒಪ್ಪಿಗೆಯಾಗಿದೆ, 36ಕ್ಕೆ 24 ಗುಣವೂ ಕೂಡಿದೆ. ಒಂದು ವಾರ ಬಿಟ್ಟು ಫೋನ್ ಬರುತ್ತದೆ: "ಎಲ್ಲಾ ಸರಿ ಇತ್ತು, ಆದ್ರೆ ನಿಮ್ಮ ಮಗಳ ಜಾತಕದಲ್ಲಿ ಕಾಳಸರ್ಪ ಇದೆಯಂತೆ. ನಮ್ಮ ಮನೇಲಿ ಹಿರಿಯರು ಬೇಡ ಅಂತಿದ್ದಾರೆ." ಅಲ್ಲಿಗೆ ಮಾತು ಮುಗಿಯಿತು. ಹುಡುಗಿ ಮಾಡಿದ ತಪ್ಪೇನು? ಒಂದು ನಿರ್ದಿಷ್ಟ ತಾರೀಕಿಗೆ ಹುಟ್ಟಿದ್ದು, ಅಷ್ಟೇ.

ಈ ದೋಷ ಏನು ಹೇಳುತ್ತೆ ಅಂತ ಮೊದಲು ನೋಡೋಣ. ರಾಹು, ಕೇತು ಆಕಾಶದಲ್ಲಿ ಕಾಣುವ ಗ್ರಹಗಳಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡ ಹಾಯುವ ಎರಡು ಬಿಂದುಗಳು ಅವು, ಯಾವಾಗಲೂ ಎದುರುಬದುರಾಗಿಯೇ ಇರುತ್ತವೆ. ಅವೆರಡರ ನಡುವೆ ಗೆರೆ ಎಳೆದರೆ ಜಾತಕ ಎರಡು ಭಾಗವಾಗುತ್ತೆ. ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಏಳೂ ಒಂದೇ ಭಾಗದಲ್ಲಿದ್ದರೆ ಅದು ಕಾಳಸರ್ಪ. ಮದುವೆ ತಡ, ಮಕ್ಕಳಾಗಲ್ಲ, ಸಂಸಾರದಲ್ಲಿ ಜಗಳ ಎಂಬುದು ಅದರ ಮೇಲಿರುವ ಆರೋಪ. ಗುಣ ಲೆಕ್ಕ ಹಾಕುವ ಅಷ್ಟಕೂಟದಲ್ಲಿ ಇದಕ್ಕೆ ಜಾಗವೇ ಇಲ್ಲ. ವರಾಹಮಿಹಿರನ ಬೃಹಜ್ಜಾತಕದಲ್ಲೂ ಈ ದೋಷವಿಲ್ಲ.

ಈಗ ಒಂದು ಜಾತಕ ತೆಗೆದುಕೊಳ್ಳಿ: 1947ರ ಆಗಸ್ಟ್ 15ರ ಮಧ್ಯರಾತ್ರಿ. ರಾಹು ವೃಷಭದಲ್ಲಿ, ಕೇತು ವೃಶ್ಚಿಕದಲ್ಲಿ. ಕುಜ ಮಿಥುನದಲ್ಲಿ, ಸೂರ್ಯ, ಚಂದ್ರ, ಬುಧ, ಶುಕ್ರ, ಶನಿ ಐದೂ ಕಟಕದಲ್ಲಿ, ಗುರು ತುಲಾದಲ್ಲಿ. ಏಳೂ ಒಂದೇ ಕಡೆ. ಅಂದರೆ ಸ್ವತಂತ್ರ ಭಾರತದ ಜಾತಕದಲ್ಲೇ ಕಾಳಸರ್ಪ ಇದೆ!

ಆದರೆ ಅವತ್ತು ಹುಟ್ಟಿದ್ದು ದೇಶವೊಂದೇ ಅಲ್ಲ. ಗ್ರಹಗಳ ಪೈಕಿ ವೇಗವಾಗಿ ಓಡುವವನು ಚಂದ್ರ ಮಾತ್ರ. ರಾಹುವಿನಿಂದ ಕೇತುವಿನವರೆಗೆ ಸಾಗಲು ಅವನಿಗೆ ಸುಮಾರು ಹದಿಮೂರೂವರೆ ದಿನ ಬೇಕು. ಉಳಿದ ಆರು ಗ್ರಹ ಒಂದೇ ಕಡೆ ಇದ್ದರೆ, ಅಷ್ಟು ದಿನ ಇಡೀ ಭೂಮಿಯ ಮೇಲೆ ಹುಟ್ಟುವ ಪ್ರತಿ ಮಗುವಿಗೂ ಕಾಳಸರ್ಪವೇ. ಲಂಡನ್ನಿನ ಮಗುವಿಗೂ ಅದೇ, ಲಾಹೋರಿನ ಮಗುವಿಗೂ ಅದೇ. 1947ರ ಆಗಸ್ಟಿನಲ್ಲಿ ಆದದ್ದೂ ಇದೇ. ಅವರೆಲ್ಲರ ಸಂಸಾರ ಹಾಳಾಯಿತೇ? ಹಾಗಾಗಿ ಇದು ಒಬ್ಬ ಹುಡುಗಿಯ ಬಗ್ಗೆ ಏನನ್ನೂ ಹೇಳಲ್ಲ, ಆ ಎರಡು ವಾರಗಳ ಬಗ್ಗೆ ಮಾತ್ರ ಹೇಳುತ್ತೆ.

ಪಿತೃ ದೋಷದ ಕತೆ ಇನ್ನೂ ಸಡಿಲ. ಹಿರಿಯರ ಶ್ರಾದ್ಧ ಬಿಟ್ಟಿದ್ದಕ್ಕೆ, ಅವರು ಅತೃಪ್ತರಾಗಿ ಹೋದದ್ದಕ್ಕೆ ಮಕ್ಕಳು ಮೊಮ್ಮಕ್ಕಳು ಅನುಭವಿಸಬೇಕು ಎಂಬುದು ಅದರ ವಾದ. ಗುರುತು ಒಬ್ಬೊಬ್ಬರದು ಒಂದೊಂದು. ಸೂರ್ಯನ ಜೊತೆ ಒಂದೇ ರಾಶಿಯಲ್ಲಿ ರಾಹುವೋ ಕೇತುವೋ ಇರುವುದು ಹೆಚ್ಚಿನವರು ಹೇಳುವ ಗುರುತು. ಲೆಕ್ಕ ಹಾಕಿ: ಸೂರ್ಯ ಒಂದೊಂದು ರಾಶಿಯಲ್ಲಿ ಒಂದು ತಿಂಗಳಿರುತ್ತಾನೆ. ಅಂದರೆ ವರ್ಷಕ್ಕೆ ಎರಡು ತಿಂಗಳು, ಹತ್ತಿರ ಹತ್ತಿರ ಆರರಲ್ಲಿ ಒಂದು ಮಗುವಿಗೆ ಪಿತೃ ದೋಷ. ಶನಿ ಜೊತೆಗಿದ್ದರೂ ದೋಷ, ಒಂಬತ್ತನೇ ಮನೆಯಲ್ಲಿ ರಾಹು ಇದ್ದರೂ ದೋಷ ಅಂತ ಸೇರಿಸುತ್ತಾ ಹೋದರೆ ತಪ್ಪಿಸಿಕೊಳ್ಳುವವರು ಕಡಿಮೆ.

ಮನೆಯವರು ಏನು ಮಾಡುತ್ತಾರೆ? ಕೆಲವರು ಹುಟ್ಟಿದ ಸಮಯ ತಿದ್ದಿಸುತ್ತಾರೆ. ಸುಮಾರು ಎರಡು ಗಂಟೆಗೊಮ್ಮೆ ಲಗ್ನ ಬದಲಾಗುವುದರಿಂದ ಕುಜ ದೋಷಕ್ಕೆ ಈ ಉಪಾಯ ನಡೆಯುತ್ತೆ, ಕಾಳಸರ್ಪಕ್ಕೆ ನಡೆಯಲ್ಲ. ಹೆಚ್ಚಿನವರು ಶಾಂತಿ ಮಾಡಿಸುತ್ತಾರೆ: ಕುಕ್ಕೆಯಲ್ಲಿ ಆಶ್ಲೇಷ ಬಲಿ ಇಲ್ಲವೇ ಎರಡು ದಿನದ ಸರ್ಪ ಸಂಸ್ಕಾರ, ಶ್ರೀಕಾಳಹಸ್ತಿಯಲ್ಲಿ ರಾಹು-ಕೇತು ಪೂಜೆ, ಪಿತೃಗಳಿಗೆ ಗೋಕರ್ಣ ಅಥವಾ ಶ್ರೀರಂಗಪಟ್ಟಣ. ದೇವರ ಮೇಲಿನ ಭಕ್ತಿಯಿಂದ ಹೋಗುವುದು ಬೇರೆ. ಆದರೆ ಇಲ್ಲಿ ಹೋಗುವುದು ಗಂಡಿನ ಕಡೆಯವರ ಬಾಯಿ ಮುಚ್ಚಿಸಲು. ಖರ್ಚು ಸಾಮಾನ್ಯವಾಗಿ ಹೆಣ್ಣಿನ ಕಡೆಯದು. ಪೂಜೆ ಆದ ಮೇಲೂ ಗ್ರಹಗಳು ಜಾತಕದಲ್ಲಿ ಅಲ್ಲೇ ಇರುತ್ತವೆ. ಹಾಗಾಗಿ ಮುಂದಿನ ಸಂಬಂಧದವರು ಮತ್ತೆ ಅದೇ ಪ್ರಶ್ನೆ ಎತ್ತಬಹುದು.

ಇನ್ನು ಕೆಲವರಿಗೆ ದೋಷ ಬರೀ ನೆಪ. ವರದಕ್ಷಿಣೆ ಸಾಲದು, ಬಣ್ಣ ಕಪ್ಪು, ಹುಡುಗಿ ಕೆಲಸ ಬಿಡಲ್ಲ ಅನ್ನೋದನ್ನು ಬಾಯಿಬಿಟ್ಟು ಹೇಳಲಾಗದವರು "ಸಾಲಾವಳಿ ಬರಲಿಲ್ಲ" ಅನ್ನುತ್ತಾರೆ. ನೆಪ ಅವರದು, ಕಳಂಕ ಹುಡುಗಿಗೆ. ಮದುವೆ ಆದ ಮೇಲೂ ಇದು ಬಿಡಲ್ಲ. ಗರ್ಭ ನಿಲ್ಲದಿದ್ದರೆ ಪಿತೃ ದೋಷ ಅಂತ ಹೋಮಕ್ಕೆ ಓಡುತ್ತಾರೆ; ಗಂಡನ ವೀರ್ಯ ಪರೀಕ್ಷೆ, ಹೆಂಡತಿಯ ಥೈರಾಯ್ಡ್ ಪರೀಕ್ಷೆ ವರ್ಷಗಟ್ಟಲೆ ಮುಂದೆ ಹೋಗುತ್ತೆ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಈ ಮಾತು ಬಂದರೆ ಅಪ್ಪ ಅಮ್ಮನ ಜೊತೆ ಜಗಳ ಬೇಡ. ಪಂಚಾಂಗ ತೆಗೆದು ಒಂದೇ ಪ್ರಶ್ನೆ ಕೇಳಿ: "ಆ ವಾರ ನಮ್ಮ ಊರಲ್ಲಿ ಹುಟ್ಟಿದವರು ಇನ್ಯಾರ್ಯಾರು? ಅವರೆಲ್ಲ ಹೇಗಿದ್ದಾರೆ?" ಎರಡು ಹೆಸರು ನೆನಪಾದರೂ ಸಾಕು, ಮಾತು ಮಗಳ ತಲೆಯಿಂದ ಕೆಳಗಿಳಿಯುತ್ತೆ.