ಪರದೇಶದಿಂದ ಪಾಲಿಕೆಗೊಂದು ತಕರಾರು ಅರ್ಜಿ

ದುಬೈನಲ್ಲಿ ಕೆಲಸ ಮಾಡುವ ಮಗನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಮನೆ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ತಂದೆತಾಯಿ ವಾಸವಾಗಿದ್ದಾರೆ. ಒಂದು ದಿನ ಪಾಲಿಕೆಯಿಂದ ನೋಟಿಸು ಬರುತ್ತದೆ: ಮನೆ ಬಾಡಿಗೆಗೆ ಕೊಟ್ಟಿದ್ದು, ಸ್ವಂತ ವಾಸದ್ದೆಂದು ಘೋಷಿಸಿ ಕಡಿಮೆ ತೆರಿಗೆ ಕಟ್ಟಲಾಗಿದೆ, ವ್ಯತ್ಯಾಸದ ಹಣ ಕಟ್ಟಿ. ಮಾಲೀಕರು ಪರದೇಶದಲ್ಲಿದ್ದರೆ ಮನೆ ಬಾಡಿಗೆಗೆ ಹೋಗಿರಬೇಕೆಂಬ ಊಹೆ ಸುಲಭವಾಗಿ ಹುಟ್ಟುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ.

ಬೆಂಗಳೂರಿನಲ್ಲಿ 2008ರಲ್ಲಿ ಬಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯಲ್ಲಿ ವಾಸದ ಮನೆ ಬಾಡಿಗೆಗಿದ್ದರೆ ದರ ಸ್ವಂತ ವಾಸದ ದರದ ಎರಡರಷ್ಟು. ಲೆಕ್ಕಕ್ಕಾಗಿ ಸ್ವಂತ ವಾಸಕ್ಕೆ ಚದರಡಿಗೆ ತಿಂಗಳಿಗೆ 2 ರೂಪಾಯಿ ಎಂದುಕೊಳ್ಳೋಣ. ಮನೆ 1,200 ಚದರಡಿ. ವರ್ಷಕ್ಕೆ 10 ತಿಂಗಳ ಲೆಕ್ಕ ಹಿಡಿದರೆ 24,000 ರೂಪಾಯಿ, ಅದರ ಶೇಕಡಾ 20 ಅಂದರೆ 4,800 ತೆರಿಗೆ. ಬಾಡಿಗೆ ದರ ಹಾಕಿದರೆ 9,600. ಸವಕಳಿ, ಸೆಸ್ಸುಗಳನ್ನು ಬದಿಗಿಟ್ಟರೂ ವರ್ಷಕ್ಕೆ 4,800 ರೂಪಾಯಿ ವ್ಯತ್ಯಾಸ. ಹಿಂದಿನ ವರ್ಷಗಳದ್ದೂ ಸೇರಿ, ಮೇಲೆ ದಂಡ, ಬಡ್ಡಿ ಬಿದ್ದರೆ ಮೊತ್ತ ಸಣ್ಣದಲ್ಲ.

ಇಂಥ ಸಂದರ್ಭದಲ್ಲಿ ಬರೆಯುವ ಪತ್ರದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ತಕರಾರು, ಇನ್ನೊಂದು ಅಧಿಕಾರ ಕೊಡುವುದು. ಬಹಳ ಜನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ತಕರಾರಿನ ಭಾಗ ಸಹಾಯಕ ಕಂದಾಯ ಅಧಿಕಾರಿಯ ಹೆಸರಿಗೆ, ಆಸ್ತಿಯ ಪಿಐಡಿ ಸಂಖ್ಯೆ, ನೋಟಿಸಿನ ಸಂಖ್ಯೆ, ದಿನಾಂಕದಿಂದ ಶುರುವಾಗಲಿ. ನೋಟಿಸು ಕೈಗೆ ಸೇರಿದ ದಿನವನ್ನೂ ಬರೆಯಬೇಕು, ಗಡುವಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ. ಆಮೇಲೆ ಯಾವ ಅಂಕಿ ತಪ್ಪು ಎಂಬುದೊಂದೇ ಮಾತು: “ಸದರಿ ಮನೆಯನ್ನು ಬಾಡಿಗೆಗೆ ಕೊಟ್ಟಿರುವುದಿಲ್ಲ, ನನ್ನ ತಂದೆತಾಯಿ ವಾಸವಾಗಿದ್ದಾರೆ, ಅವರಿಂದ ಬಾಡಿಗೆ ಪಡೆಯುತ್ತಿಲ್ಲ.” ಇದಕ್ಕೆ ಜೊತೆಗೆ ತಂದೆತಾಯಿಯ ವಿಳಾಸವಿರುವ ಆಧಾರ್, ಗ್ಯಾಸ್ ಪುಸ್ತಕ, ತಕರಾರಿನ ಅವಧಿಯ ಕರೆಂಟ್ ಬಿಲ್ಲು. ಈ ವರ್ಷದ ಒಂದೇ ಬಿಲ್ಲು ಇಟ್ಟರೆ ಹಿಂದಿನ ವರ್ಷಗಳಿಗೆ ಅದು ಸಾಕ್ಷಿಯಾಗುವುದಿಲ್ಲ. ಇಲ್ಲಿ ಕೇಸು ನಿಲ್ಲುವುದೂ ಬೀಳುವುದೂ ದಾಖಲೆಯ ಮೇಲೆ. “ನಮ್ಮ ತಂದೆಯವರು ಗೌರವಸ್ಥರು” ಎಂಬ ಪುಟಗಟ್ಟಲೆ ವಿವರಣೆಯನ್ನು ಯಾರೂ ಓದುವುದಿಲ್ಲ.

ಎರಡನೆಯ ಭಾಗದಲ್ಲಿ ಹೆಚ್ಚು ಎಚ್ಚರ ಬೇಕು. “ನನ್ನ ತಮ್ಮ ಎಲ್ಲವನ್ನೂ ನೋಡಿಕೊಳ್ಳುತ್ತಾನೆ” ಎಂದು ಬರೆದರೆ ಕಚೇರಿ ಅವನನ್ನು ವಾಪಸು ಕಳಿಸಬಹುದು, ಏನು ನೋಡಿಕೊಳ್ಳಲು ಅಧಿಕಾರವಿದೆ ಎಂದು ಅಲ್ಲಿಲ್ಲ. ಇದಕ್ಕೆ ಹೆದರಿ ಕೆಲವರು ಮಾರುವ, ಒತ್ತೆಯಿಡುವ ಅಧಿಕಾರವಿರುವ ಜಿಪಿಎ ಬರೆದುಕೊಡುತ್ತಾರೆ. ಒಂದು ತೆರಿಗೆ ತಕರಾರಿಗಾಗಿ ಮನೆಯನ್ನೇ ಇನ್ನೊಬ್ಬರ ಕೈಗಿಡುವುದು ಖಂಡಿತ ಬೇಡ, ಒಡಹುಟ್ಟಿದವನಾದರೂ. ಈ ನೋಟಿಸಿನ ವಿಚಾರಣೆಗೆ ಹಾಜರಾಗುವುದು, ದಾಖಲೆ ಸಲ್ಲಿಸುವುದು, ಆದೇಶದ ಪ್ರತಿ ಪಡೆಯುವುದು, ಬೇಕಾದರೆ ಮೇಲ್ಮನವಿಗೆ ಸಹಿ ಹಾಕುವುದು, ಇಷ್ಟನ್ನು ಬಿಡಿಸಿ ಬರೆದು ಕೊನೆಯ ದಿನಾಂಕ ಕೊಡಿ. “ಪಾಲಿಕೆಯ ಲೆಕ್ಕವನ್ನು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಒಪ್ಪಿಕೊಳ್ಳುವ ಅಧಿಕಾರ ಇವರಿಗಿಲ್ಲ” ಎಂಬ ಸಾಲು ಮರೆಯಬಾರದು. ವಿಚಾರಣೆಯಲ್ಲಿ ತಮ್ಮ “ಆಯ್ತು ಸಾರ್, ಕಟ್ಟುತ್ತೇವೆ” ಅಂದರೆ ಅದು ಅಣ್ಣನ ಒಪ್ಪಿಗೆಯೆಂದೇ ದಾಖಲಾಗಬಹುದು.

ಸಾದಾ ಕಾಗದದ ಅಧಿಕಾರ ಪತ್ರವನ್ನು ಕೆಲವು ಕಚೇರಿಗಳು ಒಪ್ಪುತ್ತವೆ, ಕೆಲವು ಮುಖ್ತಾರ್ ಪತ್ರವನ್ನೇ ಕೇಳುತ್ತವೆ. ತಮ್ಮ ಮೊದಲೇ ಹೋಗಿ ವಿಚಾರಿಸಿಕೊಂಡರೆ ಒಂದು ಕೊರಿಯರ್ ಉಳಿಯುತ್ತದೆ. ಮುಖ್ತಾರ್ ಪತ್ರವೇ ಬೇಕಾದರೆ ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಯ ಮುಂದೆ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು. ಅಮೆರಿಕದಂಥ ದೇಶದಲ್ಲಿದ್ದರೆ ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿ ಅಪೊಸ್ಟೀಲ್ ಹಾಕಿಸುವ ದಾರಿಯೂ ಇದೆ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಹಂತವನ್ನೇ ಹೆಚ್ಚಿನವರು ಮರೆಯುತ್ತಾರೆ, ಮೇಲ್ಮನವಿಗೆ ಹೋದಾಗ ಪತ್ರಕ್ಕೆ ಬೆಲೆಯಿಲ್ಲವೆಂದು ಎದುರು ಪಕ್ಷ ಹೇಳುತ್ತದೆ. ಸಹಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ, ಪಾಸ್‌ಪೋರ್ಟಿನ ಮತ್ತು ತಮ್ಮನ ಗುರುತಿನ ಚೀಟಿಯ ನಕಲು ಜೊತೆಗಿರಲಿ.

ಇಷ್ಟಕ್ಕೆಲ್ಲ ವಾರಗಳು ಹಿಡಿಯುತ್ತವೆ, ನೋಟಿಸಿನ ಗಡುವು ಅಷ್ಟು ಕಾಯುವುದಿಲ್ಲ. ಆದ್ದರಿಂದ ಸಹಿ ಮಾಡಿದ ತಕರಾರನ್ನು ಮೊದಲು ಇಮೇಲ್ ಮಾಡಿ, ಅದರ ಪ್ರತಿಯನ್ನು ತಮ್ಮನ ಕೈಲಿ ಟಪಾಲಿಗೆ ಕೊಡಿಸಿ, ಅಧಿಕಾರ ಪತ್ರ ಬರುವವರೆಗೆ ವಿಚಾರಣೆ ಮುಂದೂಡುವಂತೆ ಅದರಲ್ಲೇ ಕೇಳಿ. ತಕರಾರಿಲ್ಲದ ಹಣವನ್ನು, ಇಲ್ಲಿ ಸ್ವಂತ ವಾಸದ ದರದ ತೆರಿಗೆಯನ್ನು, ನಿಲ್ಲಿಸಬೇಡಿ. ಕಟ್ಟಿದ ರಸೀದಿ ನಿಮ್ಮ ಕಡೆಯ ದಾಖಲೆಯೂ ಆಗುತ್ತದೆ.

ಟಪಾಲು ಕೊಟ್ಟ ದಿನವೇ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬರಲು ತಮ್ಮನಿಗೆ ಹೇಳಿ. ಆ ನಂಬರ್ ಇಲ್ಲದಿದ್ದರೆ ತಕರಾರು ಗಡುವಿನೊಳಗೆ ಬಂದಿತ್ತೆಂದು ತೋರಿಸುವುದು ಕಷ್ಟ.