ಬ್ಯಾಂಕಿನ ಹೆಸರು ಬದಲಾದಾಗ ಪರಿಚಯ ಲೇಖ

ನಮ್ಮ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ಸಂಪಾದಿಸುವ ಭಾರ 2022ರಲ್ಲಿ ನಮ್ಮ ಹೆಗಲಿಗೆ ಬಿದ್ದಿತು. ಹಳೆಯ ವಿದ್ಯಾರ್ಥಿಗಳ ಪರಿಚಯಕ್ಕೆಂದು ಕೆಲವು ಪುಟಗಳನ್ನು ಮೀಸಲಿಟ್ಟಿದ್ದೆವು. ಅವುಗಳಲ್ಲಿ ಒಂದು ಪರಿಚಯವನ್ನು ಮೂರು ಬಾರಿ ತಿದ್ದಬೇಕಾಯಿತು. ಮೊದಲನೆಯ ತಪ್ಪು ನಮ್ಮದೇ. ವಿಲೀನಗೊಂಡ ಸಂಸ್ಥೆಗಳಲ್ಲಿ ದುಡಿಯುವವರು ಕಾಸರಗೋಡಿನ ನಮ್ಮ ಮನೆಗಳಲ್ಲಿ ಅನೇಕರಿರುವುದರಿಂದ ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಆ ಹಳೆಯ ವಿದ್ಯಾರ್ಥಿ 2010ರಲ್ಲಿ ಸಿಂಡಿಕೇಟ್ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಸೇರಿದವರು. 2019ರ ವಾರ್ಷಿಕೋತ್ಸವದ ಪತ್ರಿಕೆಗೆ ಅವರು ಕಳುಹಿಸಿದ್ದ ಪರಿಚಯ ಹೀಗಿತ್ತು: “2010ರಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಸೇರಿ, ಇದೀಗ ಅದರ ಪ್ರಾದೇಶಿಕ ಕಚೇರಿಯಲ್ಲಿ ಕೃಷಿಸಾಲ ವಿಭಾಗದ ಮುಖ್ಯಸ್ಥರಾಗಿದ್ದಾರೆ. 42 ಶಾಖೆಗಳ ಕೃಷಿಸಾಲದ ಮೇಲ್ವಿಚಾರಣೆ ಅವರದು.”

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಗತಿ ನಮಗೆ ತಿಳಿದೇ ಇತ್ತು. ಆದುದರಿಂದ ಅವರನ್ನು ಕೇಳದೆಯೇ ಹಳೆಯ ಪರಿಚಯವನ್ನು ಎತ್ತಿಕೊಂಡು, ‘ಸಿಂಡಿಕೇಟ್’ ಎಂದಿದ್ದಲ್ಲೆಲ್ಲ ‘ಕೆನರಾ’ ಎಂದು ತಿದ್ದಿ ಕರಡು ತೆಗೆಸಿದೆವು. ಒಂದು ಪದವನ್ನು ಬದಲಿಸಿದ್ದಷ್ಟೆ. ಆದರೆ ಅದರಿಂದ ಮೂರು ಸುಳ್ಳುಗಳು ಹುಟ್ಟಿಕೊಂಡವು. 2010ರಲ್ಲಿ ಅವರು ಸೇರಿದ್ದು ಕೆನರಾ ಬ್ಯಾಂಕನ್ನಲ್ಲ. ವಿಭಾಗದ ಮುಖ್ಯಸ್ಥರ ಸ್ಥಾನದಲ್ಲಿ ಅವರು ಈಗ ಇರಲಿಲ್ಲ. 42 ಶಾಖೆಗಳ ಲೆಕ್ಕ ಹಿಂದಿನ ಕಚೇರಿಯದು.

ಕರಡನ್ನು ಓದಿ ಅವರು ದೂರವಾಣಿಯಲ್ಲಿ ಮಾತನಾಡಿದರು. “ಮಾಸ್ಟ್ರೇ, ನಾನು ಪರೀಕ್ಷೆ ಬರೆದದ್ದು, ಸಂದರ್ಶನಕ್ಕೆ ಹೋದದ್ದು, ಹತ್ತು ವರ್ಷ ದುಡಿದದ್ದು ಸಿಂಡಿಕೇಟಿನಲ್ಲಿ. ನೀವು ಅದನ್ನು ಒರೆಸಿಯೇ ಬಿಟ್ಟಿರಲ್ಲ!” ಅವರ ನೋವು ನಮಗೆ ಅರ್ಥವಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, 1928ರಿಂದ ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸಂಗ್ರಹಿಸಿದ ಬ್ಯಾಂಕದು. ಪಿಗ್ಮಿ ಪುಸ್ತಕವಿದ್ದ ಮನೆಯಿಂದಲೇ ಅವರು ಅಲ್ಲಿಗೆ ಉದ್ಯೋಗಿಯಾಗಿ ಹೋಗಿದ್ದರು.

ನಾವು ಕ್ಷಮೆ ಕೇಳಿ, ಅವರೇ ಬರೆದು ಕಳುಹಿಸಲೆಂದು ವಿನಂತಿಸಿದೆವು. ಅವರು ಬರೆದದ್ದು: “2010ರಿಂದ 2020ರವರೆಗೆ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದು, ಕೃಷಿಸಾಲ ವಿಭಾಗದ ಮುಖ್ಯಸ್ಥರಾಗಿದ್ದರು. 2020ರಲ್ಲಿ ಕೆನರಾ ಬ್ಯಾಂಕನ್ನು ಸೇರಿ, ಹಿರಿಯ ಪ್ರಬಂಧಕರಾಗಿದ್ದಾರೆ.” ಇದರಲ್ಲಿ ಸುಳ್ಳೆಂಬ ಪದ ಒಂದೂ ಇಲ್ಲವೆಂದು ನಮಗೂ ತೋರಿತು. ಆದರೆ ಕರಡು ನೋಡಿದ ಸಮಿತಿಯ ಹಿರಿಯರೊಬ್ಬರು ಕೂಡಲೇ ಕೇಳಿದರು: “ಅಲ್ಲಿ ಮುಖ್ಯಸ್ಥನಾಗಿದ್ದವ ಅದನ್ನು ಬಿಟ್ಟು ಇಲ್ಲಿಗೆ ಯಾಕೆ ಬಂದ? ಏನಾದರೂ ತೊಂದರೆಯಾಯಿತೋ?”

ದೋಷವಿದ್ದದ್ದು ‘ಸೇರಿ’ ಎಂಬ ಕ್ರಿಯಾಪದದಲ್ಲಿ. ಅವರು ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹಿಡಿದವರಲ್ಲ. ರಾಜೀನಾಮೆಯಿಲ್ಲ, ಹೊಸ ಅರ್ಜಿಯಿಲ್ಲ. ಕೇಂದ್ರ ಸರಕಾರದ ವಿಲೀನ ಯೋಜನೆಯಂತೆ ಸಿಂಡಿಕೇಟಿನ ಖಾಯಂ ನೌಕರರೆಲ್ಲ ಅಂದಿನಿಂದ ಕೆನರಾ ಬ್ಯಾಂಕಿನ ನೌಕರರಾದರು; ಸೇವೆ ಕಡಿಯದೆ ಮುಂದುವರಿಯಿತು. ಹನ್ನೆರಡು ವರ್ಷದ ಸೇವೆಯನ್ನು ಹತ್ತು ಮತ್ತು ಎರಡೆಂದು ಒಡೆದು ತೋರಿಸಿದರೆ, ಓದುವವನಿಗೆ ಎರಡು ನೌಕರಿಗಳೇ ಕಾಣುತ್ತವೆ. ಗಂಡಿನ ಕಡೆಯವರು ಕಳುಹಿಸುವ ಪರಿಚಯದಲ್ಲಿ ಇಂತಹ ಒಂದು ವಾಕ್ಯವಿದ್ದರೆ ಹೆಣ್ಣಿನ ಮನೆಯವರು ಏನೆಣಿಸಿಯಾರೆಂಬುದನ್ನು ವಾಚಕರೇ ಊಹಿಸಬಹುದು.

ಈ ಕಗ್ಗಂಟನ್ನು ಬಿಡಿಸಲು ನಮಗೆ ನೆರವಾದುದು ಶಾಲೆಯ ಹಳೆಯ ದಾಖಲಾತಿ ಪುಸ್ತಕ. 1956ರ ನವೆಂಬರ್ 1ಕ್ಕೆ ಮೊದಲು ಸೇರಿದ ಮಕ್ಕಳ ವಿಳಾಸ ಅದರಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು ರಾಜ್ಯ’ ಎಂದಿದೆ. ಆ ದಿನದಿಂದ ಕಾಸರಗೋಡು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಮಕ್ಕಳ ಮನೆಗಳೊಂದೂ ಕದಲಲಿಲ್ಲ. ಹಿರಿಯರ ಪರಿಚಯ ಬರೆಯುವಾಗ ನಾವು ‘ಅಂದಿನ ದಕ್ಷಿಣ ಕನ್ನಡ, ಇಂದಿನ ಕಾಸರಗೋಡು ಜಿಲ್ಲೆ’ ಎನ್ನುತ್ತೇವೆ; ಅವರು ಕೇರಳಕ್ಕೆ ವಲಸೆ ಬಂದರೆಂದು ಬರೆಯುವುದಿಲ್ಲ. ಬ್ಯಾಂಕಿಗೂ ಇದೇ ಕ್ರಮ ಸಲ್ಲುತ್ತದೆ. ಸೇರಿದ ದಿನ ಇದ್ದ ಹೆಸರನ್ನೇ ಆ ದಿನಕ್ಕೆ ಕೊಡಬೇಕು. ವಿಲೀನಕ್ಕೆ ಬ್ಯಾಂಕನ್ನು ಕರ್ತೃವಾಗಿಸಬೇಕು, ನೌಕರನನ್ನಲ್ಲ.

ಇನ್ನು ಹುದ್ದೆಯ ಮಾತು. ಸರಕಾರಿ ಬ್ಯಾಂಕುಗಳಲ್ಲಿ ಅಧಿಕಾರಿಗಳ ದರ್ಜೆಯ ಕ್ರಮ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಇವರದು 2018ರಿಂದ ಮೂರನೆಯ ದರ್ಜೆ. ವಿಲೀನದಿಂದ ಅದು ಇಳಿಯಲಿಲ್ಲ. ‘ಮುಖ್ಯಸ್ಥ’ ಎಂಬುದು ದರ್ಜೆಯಾಗಿರದೆ, ಹಿಂದಿನ ಕಚೇರಿಯಲ್ಲಿ ಅವರು ನಿರ್ವಹಿಸಿದ ಕೆಲಸದ ಹೆಸರಾಗಿತ್ತು. ಎರಡು ಕಚೇರಿಗಳು ಒಂದಾದಾಗ ಇಬ್ಬರು ಮುಖ್ಯಸ್ಥರಿಗೆ ಒಂದೇ ಕುರ್ಚಿ ಉಳಿಯುವುದು ಸಹಜ. ಅಲ್ಲಿಗೆ ಮೇಲಿನ ದರ್ಜೆಯವರು ಬಂದರು. ಇವರ ಪಾಲಿಗೆ ಸ್ವಸಹಾಯ ಸಂಘಗಳ ಸಾಲದ ಕೆಲಸ ಬಂದಿತು, ಆದರೆ 71 ಶಾಖೆಗಳಿಗೆ. ಹೀಗೆ ಕೆಲಸದ ವಿಷಯ ಕಿರಿದಾಯಿತು, ಕ್ಷೇತ್ರ ಹಿರಿದಾಯಿತು.

“42 ಶಾಖೆ ಅಂತಲೂ ಇರಲಿ ಮಾಸ್ಟ್ರೇ, 71 ಅಂತಲೂ ಇರಲಿ” ಎಂದು ಅವರು ಸಂಕೋಚದಿಂದಲೇ ಕೇಳಿದರು. ಎರಡೂ ಇರಲಿ ಎಂದೆವು. ಆದರೆ ಯಾವ ಸಂಖ್ಯೆ ಯಾವ ಕಾಲದ್ದು, ಯಾವ ಕೆಲಸದ್ದು ಎಂಬುದು ಅದರ ಪಕ್ಕದಲ್ಲೇ ಇರಬೇಕು. ಇಲ್ಲವಾದರೆ ಓದುವವನು 71 ಶಾಖೆಗಳ ಕೃಷಿಸಾಲವೆಲ್ಲ ಇವರ ಕೈಯಲ್ಲಿದೆಯೆಂದು ತಿಳಿಯುತ್ತಾನೆ. ಅದನ್ನು ಅಲ್ಲಗಳೆಯುವವರು ಅವರ ಕಚೇರಿಯಲ್ಲೇ ಇರುತ್ತಾರೆ.

ಕೊನೆಗೆ ನಾವಿಬ್ಬರೂ ಕುಳಿತು ಬರೆದದ್ದು ಹೀಗೆ: “ಕೆನರಾ ಬ್ಯಾಂಕಿನ ಪ್ರಾದೇಶಿಕ ಕಚೇರಿಯಲ್ಲಿ ಹಿರಿಯ ಪ್ರಬಂಧಕರಾಗಿದ್ದು, 71 ಶಾಖೆಗಳ ಸ್ವಸಹಾಯ ಸಂಘಗಳ ಸಾಲವನ್ನು ನೋಡಿಕೊಳ್ಳುತ್ತಿದ್ದಾರೆ. 2010ರಲ್ಲಿ ಸಿಂಡಿಕೇಟ್ ಬ್ಯಾಂಕಿನಲ್ಲಿ ಸೇವೆ ಆರಂಭಿಸಿದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ, ಅದರ ಪ್ರಾದೇಶಿಕ ಕಚೇರಿಯೊಂದರಲ್ಲಿ 42 ಶಾಖೆಗಳ ಕೃಷಿಸಾಲ ವಿಭಾಗದ ಮುಖ್ಯಸ್ಥರಾಗಿದ್ದರು.” ಕೆಳಗೆ ‘2022’ ಎಂದು ಇಸವಿ ಹಾಕಿದೆವು, ಮುಂದೆ ಯಾರಾದರೂ ಈ ಪರಿಚಯವನ್ನು ಎತ್ತಿಕೊಂಡರೆ ‘ಇದ್ದಾರೆ’ ಎಂಬುದು ಎಂದಿನ ಮಾತೆಂದು ತಿಳಿಯಲಿ ಎಂದು. ವೇದಿಕೆಯ ಮೇಲೆ ಓದಲು ಬೇಕಾದ ಒಂದು ಸಾಲಿನ ಪರಿಚಯಕ್ಕೆ ಮೊದಲನೆಯ ವಾಕ್ಯವೇ ಸಾಕಾಯಿತು.

2019ರ ಪತ್ರಿಕೆಯ ಪ್ರತಿಗಳನ್ನು ನಾವು ತಿದ್ದಲಿಲ್ಲ. ಅದು ಆ ವರ್ಷದ ಮಾತು, ಅಂದಿಗೆ ಸತ್ಯ. ತಿದ್ದಬೇಕಾದುದು ಇಂದಿಗೂ ಬಳಕೆಯಲ್ಲಿರುವುದನ್ನು: ಸಂಘದ ಸದಸ್ಯಪಟ್ಟಿ, ಆಮಂತ್ರಣಕ್ಕೆಂದು ಕಾರ್ಯದರ್ಶಿಗಳು ಇಟ್ಟುಕೊಂಡಿರುವ ಹಳೆಯ ಚೀಟಿ, ಮನೆಯವರು ವಧೂವರರ ವಿಚಾರಕ್ಕೆ ಕೊಡುವ ಕಾಗದ. ಇವುಗಳಲ್ಲಿ ಒಂದೊಂದು ಒಂದೊಂದು ಹೇಳಿದರೆ ಅನುಮಾನ ಬರುವುದು ಮನುಷ್ಯನ ಮೇಲೆಯೇ.

ಸಂಚಿಕೆ ಹೊರಬಂದ ದಿನ ಅವರ ತಾಯಿ ಆ ಪುಟವನ್ನು ಮಗನಿಂದ ಓದಿಸಿ ಕೇಳಿದರು. ಎರಡು ಬ್ಯಾಂಕುಗಳ ಹೆಸರೂ ಬಂದಾಗ ಆಕೆ ತಲೆಯಾಡಿಸಿ, “ಹಾಂ, ಪಿಗ್ಮಿಯದ್ದೂ ಉಂಟಲ್ಲ” ಎಂದರು. ಮಗನಿಗೆ ಬೇಕಾಗಿದ್ದುದೂ ಅಷ್ಟೇ ಎಂದು ನಮಗೆ ಆಗ ತಿಳಿಯಿತು.